ಮಾರದ ಸೈಟಿಗೂ ತೆರಿಗೆ: ಕೆನಡಾ ಬಿಟ್ಟು ಬರುವಾಗ ಕಟ್ಟಬೇಕಾದ ‘ಡಿಪಾರ್ಚರ್ ಟ್ಯಾಕ್ಸ್’ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಟೊರೊಂಟೊ ಹತ್ತಿರ ಕೆಲಸ ಮಾಡುವ ಕೇಳುಗರೊಬ್ಬರು ಕಳಿಸಿದ್ದು. ಅಪ್ಪ-ಅಮ್ಮನಿಗೆ ವಯಸ್ಸಾಯ್ತು, ಹೆಂಡತಿ ಮಕ್ಕಳ ಜೊತೆ ಮೈಸೂರಿಗೆ ವಾಪಸ್ ಬರಬೇಕು ಅಂತ ತೀರ್ಮಾನ ಮಾಡಿದ್ದಾರೆ. ಅಲ್ಲಿನ ಅಕೌಂಟೆಂಟ್ ಹತ್ರ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ: “ಇಂಡಿಯಾದಲ್ಲಿ ನಿಮ್ಮ ಹೆಸರಲ್ಲಿ ಜಾಗ ಏನಾದ್ರೂ ಇದೆಯಾ?” ಇದೆ, ಮೈಸೂರಲ್ಲಿ ಒಂದು ಸೈಟು. “ಹಾಗಾದ್ರೆ ಅದಕ್ಕೆ ಇಲ್ಲಿ ತೆರಿಗೆ ಬರುತ್ತೆ” ಅಂದರಂತೆ.

ನಮ್ಮ ಕೇಳುಗರ ಪ್ರಶ್ನೆ ಸರಳವಾಗಿದೆ. “ಬ್ರೋ, ನಾನು ಸೈಟ್ ಮಾರಿಲ್ಲ. ಮಾರೋ ಯೋಚನೆನೂ ಇಲ್ಲ. ಅದು ಇರೋದು ಮೈಸೂರಲ್ಲಿ. ಕೆನಡಾಕ್ಕೆ ನಾನ್ಯಾಕೆ ದುಡ್ಡು ಕಟ್ಟಬೇಕು?”

ನಾನು ಬಿಕಾಂ ಓದಿದವನು. ಕಾಲೇಜಲ್ಲಿ ನಮಗೆ ಹೇಳಿಕೊಟ್ಟಿದ್ದು, ಆಸ್ತಿ ಮಾರಿದಾಗ ಮಾತ್ರ ಲಾಭ, ಲಾಭ ಬಂದಾಗ ಮಾತ್ರ ತೆರಿಗೆ ಅಂತ. ಬೆಲೆ ಏರಿದೆ ಆದರೆ ಮಾರಿಲ್ಲ ಅಂದ್ರೆ ಅದು ಕಾಗದದ ಮೇಲಿನ ಲಾಭ. ಭಾರತದಲ್ಲಿ ಈಗಲೂ ಹಾಗೇ. ಬೆಂಗಳೂರಿಂದ ವಿಮಾನ ಹತ್ತಿ ಖಾಯಂ ಆಗಿ ಹೋದರೂ, ನಿಮ್ಮ ಷೇರು, ಸೈಟಿನ ಬೆಲೆ ಏರಿದೆ ಅನ್ನೋ ಕಾರಣಕ್ಕೆ ಭಾರತ ತೆರಿಗೆ ಕೇಳಲ್ಲ. ಆದರೆ ಕೆನಡಾ, ಅಮೆರಿಕ, ಜರ್ಮನಿಯಂಥ ಕೆಲವು ದೇಶಗಳಲ್ಲಿ ಬೇರೆ ಬೇರೆ ರೂಪದಲ್ಲಿ ಎಕ್ಸಿಟ್ ಟ್ಯಾಕ್ಸ್ ಇದೆ. ವ್ಯಕ್ತಿಗಳಿಗೂ ಇದೆ, ದೇಶ ಬದಲಿಸುವ ಕಂಪನಿಗಳಿಗೂ ಇದೆ. ಇವತ್ತು ಬರೀ ಕೆನಡಾ, ಅದರಲ್ಲೂ ವ್ಯಕ್ತಿಗಳ ಲೆಕ್ಕ ನೋಡೋಣ.

ಕೆನಡಾ ಯಾಕೆ ಹೀಗೆ ಮಾಡುತ್ತೆ?

ಕೆನಡಾದಲ್ಲಿ ತೆರಿಗೆ ನಿಂತಿರೋದು ನೀವು ಎಲ್ಲಿಯ ಪ್ರಜೆ ಅನ್ನೋದರ ಮೇಲೆ ಅಲ್ಲ, ಎಲ್ಲಿಯ ನಿವಾಸಿ ಅನ್ನೋದರ ಮೇಲೆ. ನೀವು ಅಲ್ಲಿನ ನಿವಾಸಿ ಆಗಿರೋವರೆಗೆ ಪ್ರಪಂಚದಲ್ಲಿ ಎಲ್ಲೇ ಆದಾಯ ಬಂದರೂ ಅಲ್ಲಿ ತೋರಿಸಬೇಕು. ನಿವಾಸ ಬಿಟ್ಟ ಮರುದಿನದಿಂದ ನಿಮ್ಮ ಮೈಸೂರಿನ ಸೈಟಿಗೂ ಕೆನಡಾಕ್ಕೂ ಸಂಬಂಧ ಇಲ್ಲ. ಅದಕ್ಕೇ ಕೆನಡಾ ಹೇಳೋದು: ನಮ್ಮಲ್ಲಿ ಇದ್ದಷ್ಟು ವರ್ಷ ಬೆಳೆದ ಲಾಭದ ಲೆಕ್ಕ ಮುಗಿಸಿ ಹೊರಡಿ.

ಮುಗಿಸೋದು ಹೇಗೆ? ಹೊರಡುವ ಹೊತ್ತಿಗೆ ನಿಮ್ಮ ಆಸ್ತಿಯನ್ನ ಆ ದಿನದ ಮಾರುಕಟ್ಟೆ ಬೆಲೆಗೆ ಮಾರಿ, ತಕ್ಷಣ ಅದೇ ಬೆಲೆಗೆ ವಾಪಸ್ ಕೊಂಡ್ರಿ ಅಂತ ಕಾನೂನು ಭಾವಿಸಿಕೊಳ್ಳುತ್ತೆ. ನಿಜವಾಗಿ ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ, ಬ್ಯಾಂಕಿಗೆ ಒಂದು ರೂಪಾಯಿ ಬಂದಿಲ್ಲ. ಆದರೆ ತೆರಿಗೆ ಲೆಕ್ಕದಲ್ಲಿ ಅದು ಮಾರಾಟವೇ.

ಇದು 1972ರಲ್ಲಿ ಕೆನಡಾ ಬಂಡವಾಳ ಲಾಭದ ಮೇಲೆ ತೆರಿಗೆ ಶುರು ಮಾಡಿದಾಗಿನಿಂದಲೂ ಇದೆ. ಬಿಗಿಯಾಗಿದ್ದು 1996ರಲ್ಲಿ. ಒಂದು ಶ್ರೀಮಂತ ಕುಟುಂಬದ ಟ್ರಸ್ಟು ಸುಮಾರು 200 ಕೋಟಿ ಡಾಲರ್ ಆಸ್ತಿಯನ್ನ ತೆರಿಗೆ ಕಟ್ಟದೇ ಅಮೆರಿಕಕ್ಕೆ ಸಾಗಿಸಿದ್ದನ್ನ ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಆಡಿಟರ್ ಜನರಲ್ ತಮ್ಮ ವರದಿಯಲ್ಲಿ ಎತ್ತಿದರು. ದೊಡ್ಡ ಗಲಾಟೆ ಆಯ್ತು. ಅಕ್ಟೋಬರ್‌ನಲ್ಲಿ ಸರ್ಕಾರ ಹೊಸ ನಿಯಮ ಘೋಷಿಸಿತು. ಅಂದ್ರೆ ಬಲೆ ಬೀಸಿದ್ದು ತಿಮಿಂಗಿಲಕ್ಕೆ. ಆದರೆ ಆ ಬಲೆಯಲ್ಲಿ ಒಂದು ಸೈಟು ಇಟ್ಕೊಂಡಿರೋ ಇಂಜಿನಿಯರ್ರೂ ಸಿಕ್ಕಿಕೊಳ್ತಾರೆ.

ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ

ಇಲ್ಲಿ ಎಲ್ಲರೂ ತಲೆಕೆಳಗಾಗಿ ಅಂದ್ಕೊಂಡಿರ್ತಾರೆ. ಕೆನಡಾದ ಮನೆಗೆ ತೆರಿಗೆ ಬರುತ್ತೆ, ಇಂಡಿಯಾದ ಜಾಗಕ್ಕೆ ಬರಲ್ಲ ಅಂತ. ನಿಜ ಅದರ ಉಲ್ಟಾ.

ಕೆನಡಾದಲ್ಲಿರೋ ಮನೆ, ಜಮೀನು ಈ ‘ಮಾರಿದ ಹಾಗೆ’ ಲೆಕ್ಕಕ್ಕೆ ಬರಲ್ಲ. ಯಾಕಂದ್ರೆ ಅದು ಎಲ್ಲೂ ಓಡಿಹೋಗಲ್ಲ. ನೀವು ಮೈಸೂರಲ್ಲಿ ಕೂತು ಮಾರಿದರೂ ಕೆನಡಾ ಆಗ ತೆರಿಗೆ ಹಿಡಿಯುತ್ತೆ. ನಿವೃತ್ತಿ ಉಳಿತಾಯದ ಆರ್‌ಆರ್‌ಎಸ್‌ಪಿಯಂಥ ನೋಂದಾಯಿತ ಖಾತೆಗಳೂ ಲೆಕ್ಕಕ್ಕಿಲ್ಲ. ಮುಂದೆ ಹಿಡಿಯೋಕೆ ಆಗದೇ ಇರೋದನ್ನ ಈಗಲೇ ಹಿಡಿಯೋದು ಅನ್ನೋದೇ ತತ್ವ. ಹಾಗಾಗಿ ಸಿಗೋದು ಇಂಡಿಯಾದ ಸೈಟು, ಫ್ಲ್ಯಾಟು, ಇಲ್ಲಿನ ಮ್ಯೂಚುವಲ್ ಫಂಡು, ಕೆನಡಾದ ಸಾಮಾನ್ಯ ಟ್ರೇಡಿಂಗ್ ಖಾತೆಯಲ್ಲಿರೋ ಷೇರು, ಕ್ರಿಪ್ಟೊ ಇಂಥವು.

ಅಪ್ಪನ ಹೆಸರಲ್ಲಿರೋ ಮನೆ ನಿಮ್ಮ ಆಸ್ತಿ ಅಲ್ಲ, ಅದು ಬೇಡ. ನಿಮ್ಮದೇ ಹೆಸರಿನ ಮನೆಯಲ್ಲಿ ಅಪ್ಪ-ಅಮ್ಮ ಇದ್ದಾರೆ ಅಂದ್ರೆ ಅದು ಲೆಕ್ಕಕ್ಕೆ ಬರುತ್ತೆ. ವಾಸದ ಮನೆಗೆ ಕೆನಡಾ ಕೊಡೋ ವಿನಾಯಿತಿ ಸಿಗಬೇಕಾದ್ರೆ ಅಲ್ಲಿ ನೀವು, ನಿಮ್ಮ ಹೆಂಡತಿ ಅಥವಾ ಗಂಡ, ಇಲ್ಲ ಮಕ್ಕಳು ವಾಸ ಮಾಡಿರಬೇಕು. ಅಪ್ಪ-ಅಮ್ಮ ಇದ್ದರು ಅಂದ್ರೆ ಸಾಲದು.

ಇನ್ನು ಹೋಗಿ ಸ್ವಲ್ಪ ವರ್ಷ ಆಗಿರೋರಿಗೆ ಒಂದು ದೊಡ್ಡ ರಿಯಾಯಿತಿ ಇದೆ. ಹೊರಡುವ ಮುಂಚಿನ 10 ವರ್ಷದಲ್ಲಿ ನೀವು ಕೆನಡಾದ ನಿವಾಸಿ ಆಗಿದ್ದು ಒಟ್ಟು 60 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಹೋಗುವ ಮೊದಲೇ ನಿಮ್ಮದಾಗಿದ್ದ ಆಸ್ತಿಗೆ ಈ ತೆರಿಗೆ ಇಲ್ಲ. ಅಲ್ಲಿದ್ದಾಗ ಪಿತ್ರಾರ್ಜಿತವಾಗಿ ಬಂದ ಆಸ್ತಿಗೂ ಇಲ್ಲ. ಆದರೆ ಅಲ್ಲಿದ್ದುಕೊಂಡು ದುಡ್ಡು ಕೊಟ್ಟು ಕೊಂಡ ಷೇರಿಗೆ ಈ ರಿಯಾಯಿತಿ ಸಿಗಲ್ಲ. ಓದೋಕೆ ಹೋದವರು ಒಂದು ವಿಷಯ ಗಮನಿಸಿ. ಅಲ್ಲೇ ಮನೆ ಮಾಡಿ ನೆಲೆಸಿದ್ದರೆ ಸ್ಟಡಿ ಪರ್ಮಿಟ್‌ನ ತಿಂಗಳುಗಳೂ ಸಾಮಾನ್ಯವಾಗಿ ನಿವಾಸದ ಲೆಕ್ಕಕ್ಕೆ ಸೇರುತ್ತವೆ. ಎರಡು ವರ್ಷ ಓದು, ಮೂರು ವರ್ಷ ಕೆಲಸ ಅಂದ್ರೆ 60 ತಿಂಗಳು ತುಂಬಿತು.

ಒಂದು ಸೈಟಿನ ಲೆಕ್ಕ

ಈಗ ಅಂಕಿ ಹಾಕೋಣ. ನಮ್ಮ ಕೇಳುಗರ ನಿಜವಾದ ಅಂಕಿ ಬೇಡ, ಸುಲಭವಾಗಿ ಭಾಗ ಹೋಗೋ ಅಂಕಿ ಇಟ್ಕೊಳ್ಳೋಣ.

2006ರಲ್ಲಿ ಮೈಸೂರಲ್ಲಿ 30x40 ಸೈಟು, 4 ಲಕ್ಷ ರೂಪಾಯಿಗೆ ಕೊಂಡಿದ್ದು. 2014ರಲ್ಲಿ ಕೆನಡಾಕ್ಕೆ ಹೋದಾಗ ಅದರ ಬೆಲೆ 22 ಲಕ್ಷ. ಆಗ ಒಂದು ಕೆನಡಾ ಡಾಲರ್‌ಗೆ 55 ರೂಪಾಯಿ ಅಂದ್ಕೊಳ್ಳಿ. ಅಂದ್ರೆ 40,000 ಡಾಲರ್. 2025ರಲ್ಲಿ ಹೊರಟಾಗ ಬೆಲೆ 93 ಲಕ್ಷ, ಡಾಲರ್‌ಗೆ 62 ರೂಪಾಯಿ. ಅಂದ್ರೆ 1,50,000 ಡಾಲರ್.

ಇಲ್ಲಿ ಒಳ್ಳೆಯ ಸುದ್ದಿ ಒಂದಿದೆ. ಕೆನಡಾ 4 ಲಕ್ಷದಿಂದ ಲೆಕ್ಕ ಶುರು ಮಾಡಲ್ಲ. ಹೊರಡುವಾಗ ಮಾರಿದ ಹಾಗೆ ಭಾವಿಸುವ ಕಾನೂನೇ, ನೀವು ಒಳಗೆ ಬಂದು ನಿವಾಸಿ ಆದ ದಿನ ಆ ಸೈಟನ್ನ ಅವತ್ತಿನ ಬೆಲೆಗೆ ಕೊಂಡ ಹಾಗೆ ಭಾವಿಸುತ್ತೆ. ಬರೋ ಮುಂಚಿನ ಲಾಭ ನಮ್ಮದಲ್ಲ, ಇದ್ದಾಗಿನ ಲಾಭ ನಮ್ಮದು ಅನ್ನೋ ಲೆಕ್ಕ. ಆದ್ದರಿಂದ ಲಾಭ 1,50,000ದಲ್ಲಿ 40,000 ಕಳೆದರೆ 1,10,000 ಡಾಲರ್. ಎರಡೂ ಬೆಲೆಯನ್ನ ಆಯಾ ದಿನದ ಡಾಲರ್ ದರಕ್ಕೆ ಬದಲಾಯಿಸಬೇಕು ಅನ್ನೋದನ್ನ ಮರೀಬೇಡಿ.

ಇದರಲ್ಲಿ ಅರ್ಧ ಮಾತ್ರ, ಅಂದ್ರೆ 55,000 ಡಾಲರ್, ನಿಮ್ಮ ಆ ವರ್ಷದ ಆದಾಯಕ್ಕೆ ಸೇರುತ್ತೆ. ಈ ಅರ್ಧವನ್ನ ಮೂರನೇ ಎರಡು ಭಾಗಕ್ಕೆ ಏರಿಸುವ ಪ್ರಸ್ತಾಪ 2024ರಲ್ಲಿ ಬಂದಿತ್ತು, 2025ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನ ಕೈಬಿಟ್ಟಿತು. ಸಂಬಳದ ಮೇಲೆ ಈ 55,000 ಕೂತಾಗ ಫೆಡರಲ್ ಮತ್ತು ಪ್ರಾಂತ್ಯದ ತೆರಿಗೆ ಸೇರಿ 40% ಅಂದ್ಕೊಂಡರೆ, 22,000 ಡಾಲರ್. ರೂಪಾಯಿಯಲ್ಲಿ ಸುಮಾರು 13.64 ಲಕ್ಷ. ಮಾರದೇ ಇರೋ ಸೈಟಿಗೆ!

ದುಡ್ಡು ಎಲ್ಲಿಂದ ತರೋದು?

ಮೈಸೂರಿಗೆ ಬಂದು ಇನ್ನೂ ಕೆಲಸ ಹುಡುಕ್ತಾ ಇರೋ ಹೊತ್ತಿಗೆ 13 ಲಕ್ಷ ಕಟ್ಟು ಅಂದ್ರೆ ಕಷ್ಟ. ಅದಕ್ಕೆ ಕಾನೂನಲ್ಲೇ ದಾರಿ ಇದೆ, ಆದರೆ ಕೇಳಿದವರಿಗೆ ಮಾತ್ರ.

ಹೊರಟ ವರ್ಷದ ರಿಟರ್ನ್ ಜೊತೆ ಮೂರು ಫಾರಂ ನೆನಪಿಡಿ. ಮೊದಲನೆಯದು T1161. ಇದು ಆಸ್ತಿ ಪಟ್ಟಿ. ಹೊರಟ ದಿನ ನಿಮ್ಮ ಒಟ್ಟು ಆಸ್ತಿಯ ಬೆಲೆ 25,000 ಡಾಲರ್ ದಾಟಿದ್ದರೆ ಇದನ್ನ ಕೊಡಲೇಬೇಕು. ನಗದು, ಆರ್‌ಆರ್‌ಎಸ್‌ಪಿಯಂಥವು, 10,000 ಡಾಲರ್‌ಗಿಂತ ಕಡಿಮೆ ಬೆಲೆಯ ಸ್ವಂತ ಬಳಕೆಯ ವಸ್ತುಗಳು ಪಟ್ಟಿಗೆ ಬೇಡ. ತೆರಿಗೆ ಸೊನ್ನೆ ಬಂದರೂ ಪಟ್ಟಿ ಕೊಡಬೇಕು. ಕೊಡದಿದ್ದರೆ ದಿನಕ್ಕೆ 25 ಡಾಲರ್ ದಂಡ, ಅದು 2,500 ಡಾಲರ್‌ವರೆಗೂ ಹೋಗುತ್ತೆ. “ತೆರಿಗೆನೇ ಇಲ್ವಲ್ಲ, ಫಾರಂ ಯಾಕೆ” ಅಂತ ಬಿಟ್ಟವರೇ ಇಲ್ಲಿ ಸಿಕ್ಕಿಬೀಳೋದು.

ಎರಡನೆಯದು T1243. ಮಾರಿದ ಹಾಗೆ ಭಾವಿಸಿದ ಲಾಭದ ಲೆಕ್ಕ ಇದರಲ್ಲಿ. ಮೂರನೆಯದು T1244. ದುಡ್ಡಿಲ್ಲದವರಿಗೆ ಇದೇ ಮುಖ್ಯ. “ತೆರಿಗೆ ಇಷ್ಟು ಅಂತ ಒಪ್ಪುತ್ತೇನೆ, ಆದರೆ ನಿಜವಾಗಿ ಮಾರಿದಾಗ ಕಟ್ಟುತ್ತೇನೆ” ಅಂತ ಕೇಳಿಕೊಳ್ಳುವ ಫಾರಂ. ಹೊರಟ ವರ್ಷದ ಮರು ವರ್ಷ ಏಪ್ರಿಲ್ 30ರ ಒಳಗೆ ಕೊಡಬೇಕು. ಕೊಟ್ಟರೆ ಮುಂದೂಡಿದ ಮೊತ್ತಕ್ಕೆ ಬಡ್ಡಿ ಬೀಳಲ್ಲ. ಈ ಲಾಭದ ಮೇಲಿನ ಫೆಡರಲ್ ತೆರಿಗೆ 16,500 ಡಾಲರ್ ದಾಟಿದರೆ ಮಾತ್ರ ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಕೊಡಬೇಕಾಗುತ್ತೆ. ಕ್ವಿಬೆಕ್‌ನಿಂದ ಹೊರಡೋರಿಗೆ ಈ ಮಿತಿ ಇನ್ನೂ ಸ್ವಲ್ಪ ಕಡಿಮೆ. ನಮ್ಮ ಉದಾಹರಣೆಯಲ್ಲಿ 22,000ದಲ್ಲಿ ಫೆಡರಲ್ ಪಾಲು ಸುಮಾರು 14,300. ಹಾಗಾಗಿ ಭದ್ರತೆ ಬೇಡ, ಬಡ್ಡಿಯೂ ಇಲ್ಲ. ಒಂದು ಫಾರಂ ಅಷ್ಟೇ.

ಆದರೆ ಮುಂದೂಡಿಕೆ ಮನ್ನಾ ಅಲ್ಲ. 22,000 ಅನ್ನೋದು ಹೊರಟ ದಿನಕ್ಕೇ ಗಟ್ಟಿಯಾಗಿ ಕೂತಿರುತ್ತೆ. ಮುಂದೆ ಮೈಸೂರಲ್ಲಿ ಸೈಟಿನ ಬೆಲೆ ಬಿದ್ದರೂ ಆ ಮೊತ್ತ ಕೆಳಗಿಳಿಯಲ್ಲ.

ಎರಡೂ ಕಡೆ ತೆರಿಗೆ ಬಿದ್ದರೆ?

ನಿಜವಾದ ತೊಡಕು ಮಾರಿದ ದಿನ ಶುರುವಾಗುತ್ತೆ. 2028ರಲ್ಲಿ ಆ ಸೈಟು 1 ಕೋಟಿಗೆ ಮಾರಿದರು ಅಂದ್ಕೊಳ್ಳೋಣ. ಭಾರತದ ಆದಾಯ ತೆರಿಗೆ ಇಲಾಖೆಗೆ ಕೆನಡಾದ ‘ಕೊಂಡ ಹಾಗೆ, ಮಾರಿದ ಹಾಗೆ’ ಯಾವುದೂ ಗೊತ್ತಿಲ್ಲ. ಅವರು ನೋಡೋದು 2006ರ ಕ್ರಯಪತ್ರ. 1 ಕೋಟಿಯಲ್ಲಿ 4 ಲಕ್ಷ ಕಳೆದರೆ ಲಾಭ 96 ಲಕ್ಷ. ಈಗಿರೋ 12.5% ದರ ಹಿಡಿದರೆ 12 ಲಕ್ಷ ತೆರಿಗೆ. ಸೆಸ್, ಸರ್‌ಚಾರ್ಜ್ ಬಿಟ್ಟು ಹೇಳ್ತಾ ಇದ್ದೀನಿ.

ಈ 96 ಲಕ್ಷವನ್ನ ಬಿಡಿಸಿ ನೋಡಿ. ಕೆನಡಾಕ್ಕೆ ಹೋಗೋ ಮುಂಚೆ ಬೆಳೆದಿದ್ದು 18 ಲಕ್ಷ. ಅಲ್ಲಿದ್ದಾಗ ಬೆಳೆದಿದ್ದು 71 ಲಕ್ಷ. ವಾಪಸ್ ಬಂದ ಮೇಲೆ ಬೆಳೆದಿದ್ದು 7 ಲಕ್ಷ. ಮಧ್ಯದ 71 ಲಕ್ಷದ ಮೇಲೆ ಎರಡೂ ದೇಶ ಕೈ ಇಟ್ಟಿವೆ. ಸುಮ್ಮನಿದ್ದರೆ ಕೆನಡಾಕ್ಕೆ 13.64 ಲಕ್ಷ, ಭಾರತಕ್ಕೆ 12 ಲಕ್ಷ, ಒಟ್ಟು 25.64 ಲಕ್ಷ ಹೋಗುತ್ತೆ.

ಇಲ್ಲಿ ಪರಿಹಾರ ಕೊಡೋದು ಕೆನಡಾದ ಆದಾಯ ತೆರಿಗೆ ಕಾಯ್ದೆಯೇ, ಸೆಕ್ಷನ್ 126(2.21). ದೇಶ ಬಿಟ್ಟವರು ಆಮೇಲೆ ಆ ಆಸ್ತಿ ಮಾರಿ, ಜಾಗ ಇರೋ ದೇಶಕ್ಕೆ ತೆರಿಗೆ ಕಟ್ಟಿದರೆ, ಅದರಲ್ಲಿ ಕೆನಡಾದಲ್ಲಿದ್ದಾಗಿನ ಲಾಭಕ್ಕೆ ಸೇರಿದ ಭಾಗವನ್ನ ಹೊರಟ ವರ್ಷದ ಕೆನಡಾ ತೆರಿಗೆಯಿಂದ ಕಳೆಯಬಹುದು. ಗಮನಿಸಿ, ಮಾರಿದ ವರ್ಷದ ತೆರಿಗೆಯಿಂದ ಅಲ್ಲ. ಹಿಂದಕ್ಕೆ ಹೋಗಿ ಹೊರಟ ವರ್ಷದ ರಿಟರ್ನ್‌ನಲ್ಲಿ ಕೇಳಬೇಕು. ನಮ್ಮ ಲೆಕ್ಕದಲ್ಲಿ 71 ಲಕ್ಷದ 12.5%, ಅಂದ್ರೆ ಸುಮಾರು 8.87 ಲಕ್ಷ. ಡಾಲರ್ ದರ ಹಾಗೇ ಇದ್ದರೆ ಇದು ನಾವು ಹಿಡಿದ ಫೆಡರಲ್ ಪಾಲು 14,300ಕ್ಕೆ ಹೆಚ್ಚುಕಡಿಮೆ ಸಮ. ಆಗ ಕೆನಡಾಕ್ಕೆ ಉಳಿಯೋದು ಸುಮಾರು 4.77 ಲಕ್ಷ. ಒಟ್ಟು 16.77 ಲಕ್ಷ. ಕೇಳದೇ ಬಿಟ್ಟರೆ ಸುಮಾರು 9 ಲಕ್ಷ ಸುಮ್ಮನೆ ಹೋಯ್ತು.

ಇದರಲ್ಲೊಂದು ಬಲೆ ಇದೆ. ಸೈಟು ಮಾರಿದ ಹಣದಲ್ಲಿ ಮನೆ ಕೊಂಡರೆ ಭಾರತದಲ್ಲಿ ತೆರಿಗೆ ವಿನಾಯಿತಿ ಸಿಗುತ್ತಲ್ಲ, ಎಲ್ಲರೂ ಮಾಡೋದು ಅದನ್ನೇ. ಆದರೆ ಭಾರತದಲ್ಲಿ ತೆರಿಗೆ ಸೊನ್ನೆ ಆದರೆ ಕೆನಡಾದಲ್ಲಿ ಕಳೆಯೋಕೂ ಏನಿಲ್ಲ, 13.64 ಲಕ್ಷ ಪೂರ್ತಿ ಕಟ್ಟಬೇಕು. ಇಲ್ಲಿ 12 ಲಕ್ಷ ಉಳಿಸಿದೆ ಅನ್ನಿಸುತ್ತೆ, ಆದರೆ 16.77ರ ಜಾಗದಲ್ಲಿ 13.64, ಅಂದ್ರೆ ನಿಜವಾಗಿ ಉಳಿದಿದ್ದು 3 ಲಕ್ಷ ಚಿಲ್ಲರೆ. ಮನೆ ಕೊಳ್ಳಬೇಡಿ ಅಂತ ಅಲ್ಲ. ಲೆಕ್ಕ ಎರಡೂ ಕಡೆಯದನ್ನ ಒಟ್ಟಿಗೆ ಹಾಕಿ ಅಂತ.

ಎಡವೋದು ಎಲ್ಲಿ

ನಾನು ನೋಡಿದ ಹಾಗೆ ಎಡವೋ ಜಾಗ ಎರಡು. ಒಂದು, ಹೊರಟ ದಿನ ಯಾವುದು ಅನ್ನೋದು. ಟಿಕೆಟ್ ಮೇಲಿನ ತಾರೀಖೇ ನಿವಾಸ ಮುಗಿದ ದಿನ ಆಗಬೇಕಿಲ್ಲ. ಕೆನಡಾ ರೆವೆನ್ಯೂ ಏಜೆನ್ಸಿ ಮುಖ್ಯವಾಗಿ ನೋಡೋದು ಮನೆ, ಹೆಂಡತಿ ಅಥವಾ ಗಂಡ, ನಿಮ್ಮನ್ನ ನಂಬಿರೋ ಮಕ್ಕಳು ಎಲ್ಲಿದ್ದಾರೆ ಅಂತ. ನೀವು ಸೆಪ್ಟೆಂಬರ್‌ನಲ್ಲಿ ಬಂದು, ಮಕ್ಕಳ ಶಾಲೆ ಮುಗೀಲಿ ಅಂತ ಸಂಸಾರ ಮುಂದಿನ ಜೂನ್‌ವರೆಗೆ ಅಲ್ಲೇ ಇದ್ದರೆ, ನಿಮ್ಮ ನಿವಾಸವೂ ಸಾಮಾನ್ಯವಾಗಿ ಅಲ್ಲಿವರೆಗೆ ಎಳೆಯುತ್ತೆ. ಆಗ ಸೈಟಿನ ಬೆಲೆ ನೋಡಬೇಕಾದ್ದೂ ಜೂನ್‌ನದ್ದು. ತೆರಿಗೆ ಬೀಳೋ ವರ್ಷವೇ ಬೇರೆ. ಅಷ್ಟೇ ಅಲ್ಲ, ಆ ಮಧ್ಯೆ ಭಾರತದಲ್ಲಿ ಬಂದ ಸಂಬಳವನ್ನೂ ಕೆನಡಾದಲ್ಲಿ ತೋರಿಸಬೇಕಾಗುತ್ತೆ.

ಎರಡನೆಯದು ಇನ್ನೂ ಸಾಮಾನ್ಯ. ಒಳಗೆ ಹೋದ ದಿನದ ಬೆಲೆಗೆ ದಾಖಲೆ ಇಲ್ಲದಿರೋದು. ನಮ್ಮ ಉದಾಹರಣೆಯಲ್ಲಿ 22 ಲಕ್ಷ ಅನ್ನೋದನ್ನ ತೋರಿಸೋಕೆ ಆಗದೇ, ಕೈಯಲ್ಲಿರೋ ಒಂದೇ ಕಾಗದ 4 ಲಕ್ಷದ ಕ್ರಯಪತ್ರ ಅಂತ ಅದನ್ನೇ ಹಿಡಿದರೆ, ಹೋಗೋ ಮುಂಚಿನ 18 ಲಕ್ಷದ ಲಾಭಕ್ಕೂ ಕೆನಡಾಕ್ಕೆ ಕಟ್ಟಿದ ಹಾಗಾಯ್ತು. ಅದು ಅವರಿಗೆ ಸೇರಬೇಕಾದ್ದೇ ಅಲ್ಲ.

ಈಗಾಗಲೇ ಹೋಗಿ ವರ್ಷಗಳಾಗಿದ್ದರೂ ದಾರಿ ಇದೆ. ಸರ್ಕಾರಿ ಮಾನ್ಯತೆಯ ನೋಂದಾಯಿತ ಮೌಲ್ಯಮಾಪಕರು ಹಿಂದಿನ ಒಂದು ತಾರೀಖಿಗೆ ಬೆಲೆ ಕಟ್ಟಿ ವರದಿ ಕೊಡ್ತಾರೆ. ಅದೇ ಬಡಾವಣೆಯಲ್ಲಿ ಆ ವರ್ಷ ಆದ ಮಾರಾಟಗಳ ಪತ್ರ ಅದಕ್ಕೆ ಬಲ ಕೊಡುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಆ ವರ್ಷದ ಮಾರ್ಗಸೂಚಿ ದರವನ್ನೂ ಜೊತೆಗಿಡಿ, ಆದರೆ ಅದೊಂದನ್ನೇ ನಂಬಬೇಡಿ. ಕೆನಡಾ ಕೇಳೋದು ಮಾರುಕಟ್ಟೆ ಬೆಲೆ. ಮಾರ್ಗಸೂಚಿ ದರ ಎಷ್ಟೋ ಕಡೆ ಅದಕ್ಕಿಂತ ಕೆಳಗಿರುತ್ತೆ. ಹೋದ ದಿನಕ್ಕೆ ಕಡಿಮೆ ಬೆಲೆ ಹಿಡಿದರೆ ಲಾಭ ಊದಿಕೊಳ್ಳುತ್ತೆ, ತೆರಿಗೆ ನಿಮ್ಮ ತಲೆಗೇ. ಹೋಗುವ ದಿನಕ್ಕೆ ಮಾರ್ಗಸೂಚಿ, ಬರುವ ದಿನಕ್ಕೆ ಮಾರುಕಟ್ಟೆ ಅಂತ ಎರಡು ಅಳತೆ ಬಳಸಿದರಂತೂ ಇನ್ನೂ ಹೆಚ್ಚು.

ಈ ವರ್ಷ ಕೆನಡಾಕ್ಕೆ ಹೊರಡ್ತಾ ಇರೋರು ಇನ್ನೂ ಸುಲಭವಾಗಿ ಮುಗಿಸಬಹುದು. ಅಲ್ಲಿ ಇಳಿದ ದಿನಕ್ಕೆ ಸೈಟಿನ ಒಂದು ಮೌಲ್ಯಮಾಪನ ವರದಿ, ಮ್ಯೂಚುವಲ್ ಫಂಡು ಮತ್ತು ಡಿಮ್ಯಾಟ್ ಖಾತೆಯ ಆ ದಿನದ ಸ್ಟೇಟ್‌ಮೆಂಟು, ಆ ದಿನದ ಡಾಲರ್ ದರದ ಒಂದು ಸ್ಕ್ರೀನ್‌ಶಾಟು. ಮೂರನ್ನೂ ಒಂದು ಫೋಲ್ಡರ್‌ಗೆ ಹಾಕಿ ನಿಮಗೇ ಇಮೇಲ್ ಮಾಡಿಕೊಳ್ಳಿ. ಹತ್ತು ವರ್ಷ ಆದಮೇಲೆ ವಾಪಸ್ ಬರೋ ಮನಸ್ಸಾದಾಗ ಆ ಇಮೇಲ್ ಲಕ್ಷಾಂತರ ರೂಪಾಯಿ ಉಳಿಸಬಹುದು.

ಈಗ ಹೊರಡೋರು ಕೆನಡಾ ಮತ್ತು ಭಾರತ ಎರಡರ ರಿಟರ್ನ್ ಮಾಡೋ ಅಕೌಂಟೆಂಟ್‌ಗಳನ್ನ ಒಂದೇ ಕಾಲ್‌ನಲ್ಲಿ ಕೂರಿಸಿ, ಈ ಮೂರು ಫಾರಂ ಮತ್ತು 126(2.21) ಹೆಸರು ಹೇಳಿ ಕೇಳಿ. ಟಿಕೆಟ್ ಬುಕ್ ಮಾಡೋ ಮುಂಚೆ ಕೇಳಿದರೆ ಒಳ್ಳೇದು. ಹೊರಡೋ ತಾರೀಖೂ ಈ ಲೆಕ್ಕದ ಒಂದು ಭಾಗವೇ.